ಲ್ಯಾಗಿಂಗ್ ಒಳಗಿದ್ದ ವಾಲ್ವ್ ಯಾವುದು? ಒಂದು ಸ್ಟೀಮ್ ಲೈನಿನ ಪ್ರಕರಣ

ನೀರು ಬಿಸಿ ಮಾಡುವ ಒಂದು ಹೀಟ್ ಎಕ್ಸ್‌ಚೇಂಜರ್. ಅದಕ್ಕೆ 7 ಬಾರ್ ಒತ್ತಡದ ಸ್ಟೀಮ್ ಬರುತ್ತದೆ, ಅಂದರೆ ಸುಮಾರು 170 ಡಿಗ್ರಿ ಬಿಸಿ. ಸ್ಟೀಮ್ ಲೈನ್ 4 ಇಂಚಿನದು. ಮಧ್ಯದಲ್ಲಿ ಒಂದು ಕಂಟ್ರೋಲ್ ವಾಲ್ವ್ ಇದೆ. ಹೊರಗೆ ಹೋಗುವ ನೀರು 80 ಡಿಗ್ರಿ ಇರುವ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ಅದನ್ನು ಬಿಚ್ಚಬೇಕಾದಾಗ ಸ್ಟೀಮ್ ನಿಲ್ಲಿಸಲು ಅದರ ಹಿಂದೊಂದು ಮುಂದೊಂದು 4 ಇಂಚಿನ ವಾಲ್ವ್ ಇವೆ. ಆಗಲೂ ಕೆಲಸ ನಡೆಯಲಿ ಅಂತ ಪಕ್ಕದಲ್ಲಿ 3 ಇಂಚಿನ ಬೈಪಾಸ್ ಪೈಪ್ ಇದೆ. ಅದರ ಮೇಲೆ ಕೈಯಿಂದ ತಿರುಗಿಸುವ ಒಂದು ವಾಲ್ವ್ ಇದೆ. ಈ ಜೋಡಣೆ ಯಾವ ಕಾರ್ಖಾನೆಯಲ್ಲಿ ನೋಡಿದರೂ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ದೂರು ಶುರುವಾಗಿದ್ದು ಬೈಪಾಸ್‌ನಿಂದ. ಕಂಟ್ರೋಲ್ ವಾಲ್ವ್ ರಿಪೇರಿಗೆ ಹೋದಾಗಲೆಲ್ಲ ಆಪರೇಟರ್ ಬೈಪಾಸ್ ಚಕ್ರ ಹಿಡಿದು ನಿಲ್ಲಬೇಕಾಗುತ್ತಿತ್ತು. ಸ್ವಲ್ಪ ತೆರೆದರೆ ನೀರು 90 ದಾಟುತ್ತದೆ, ಸ್ವಲ್ಪ ಮುಚ್ಚಿದರೆ 70ಕ್ಕಿಂತ ಕೆಳಗೆ ಬೀಳುತ್ತದೆ. ಮಧ್ಯದಲ್ಲಿ ನಿಲ್ಲುವುದೇ ಇಲ್ಲ. ಆಮೇಲೆ ಇನ್ನೊಂದು ತೊಂದರೆ ಸೇರಿಕೊಂಡಿತು. ಕಂಟ್ರೋಲ್ ವಾಲ್ವ್ ಪೂರ್ತಿ ಮುಚ್ಚಿದ್ದರೂ ನೀರಿನ ಬಿಸಿ ನಿಧಾನಕ್ಕೆ ಏರತೊಡಗಿತು. ಎಲ್ಲೋ ಒಂದು ವಾಲ್ವ್ ಪಾಸ್ ಆಗುತ್ತಿದೆ, ಅಂದರೆ ಮುಚ್ಚಿದ್ದರೂ ಒಳಗಿನಿಂದ ಸ್ಟೀಮ್ ಬಿಡುತ್ತಿದೆ ಅನ್ನುವುದು ಗೊತ್ತಾಯಿತು, ಯಾವುದು ಅಂತ ಗೊತ್ತಿರಲಿಲ್ಲ.

ಅದನ್ನು ಹುಡುಕಿದ ರೀತಿ ಸರಳ. ಕಂಟ್ರೋಲ್ ವಾಲ್ವ್‌ನ ಹಿಂದಿನ ಮುಂದಿನ ಎರಡೂ ವಾಲ್ವ್ ಮುಚ್ಚಿದೆವು. ಬೈಪಾಸ್ ಕೂಡ ಮುಚ್ಚಿಯೇ ಇತ್ತು. ಹಿಂದಿನ ವಾಲ್ವ್‌ಗೂ ಕಂಟ್ರೋಲ್ ವಾಲ್ವ್‌ಗೂ ನಡುವೆ ಒಂದು ಡ್ರೈನ್ ಇದೆ. ಅದನ್ನು ಎಚ್ಚರಿಕೆಯಿಂದ ತೆರೆದಾಗ ಒಳಗಿದ್ದ ಸ್ಟೀಮ್ ಹೊರಬಂತು, ಸ್ವಲ್ಪ ಹೊತ್ತಿಗೆ ನಿಂತಿತು. ಅಂದರೆ ಹಿಂದಿನ ವಾಲ್ವ್ ಸರಿಯಾಗಿ ಮುಚ್ಚಿದೆ, ಆ ದಾರಿಯಲ್ಲಿ ಸ್ಟೀಮ್ ಬರುತ್ತಿಲ್ಲ. ಆದರೂ ಎಕ್ಸ್‌ಚೇಂಜರ್ ಬಾಗಿಲಲ್ಲಿರುವ ಒತ್ತಡದ ಗೇಜ್ ಸೊನ್ನೆಗೆ ಇಳಿಯಲಿಲ್ಲ. ಉಳಿದಿದ್ದು ಬೈಪಾಸ್ ಒಂದೇ.

ಸರಿ, ಬೈಪಾಸ್ ವಾಲ್ವ್ ಬದಲಾಯಿಸೋಣ ಅಂತಾಯಿತು. ವಾಲ್ವ್ ಪಟ್ಟಿಯಲ್ಲಿ ಅದು "3 ಇಂಚು ಗ್ಲೋಬ್ ವಾಲ್ವ್, 150 ಕ್ಲಾಸ್" ಎಂದಿತ್ತು. ಕ್ಲಾಸ್ ಅಂದರೆ ವಾಲ್ವ್ ತಡೆಯುವ ಒತ್ತಡದ ದರ್ಜೆ. ಡ್ರಾಯಿಂಗ್‌ನಲ್ಲೂ ಗ್ಲೋಬ್ ಚಿಹ್ನೆಯೇ ಇತ್ತು. ಸ್ಟೋರ್‌ನವರು ಅದೇ ಗ್ಲೋಬ್‌ನ ಸೀಟ್ ಮತ್ತು ಡಿಸ್ಕ್ ತರಿಸಲು ಹೊರಟಿದ್ದರು, ಇಡೀ ವಾಲ್ವ್ ಯಾಕೆ, ಒಳಗಿನ ಭಾಗ ಸಾಕಲ್ವಾ ಅಂತ. ಆರ್ಡರ್ ಹೋಗುವ ಮುಂಚೆ ಲೈನ್ ಪೂರ್ತಿ ನಡೆದು, ಪಟ್ಟಿಯಲ್ಲಿರುವುದೂ ಪೈಪಿನ ಮೇಲಿರುವುದೂ ಒಂದೇನಾ ಅಂತ ನೋಡುವ ಕೆಲಸ ನನಗೆ ಬಂತು. ನನ್ನ ಜೊತೆ ಆ ವಿಭಾಗದ ಹಿರಿಯ ಫಿಟ್ಟರ್ ಇದ್ದರು.

ಮೇಲ್ಭಾಗ ಮಾತ್ರ ಕಾಣುವಾಗ

ಸ್ಟೀಮ್ ಲೈನಿನಲ್ಲಿ ವಾಲ್ವ್ ಗುರುತಿಸುವುದು ಕಷ್ಟವಾಗುವುದಕ್ಕೆ ಮುಖ್ಯ ಕಾರಣ ಲ್ಯಾಗಿಂಗ್. ಬಿಸಿ ಹೊರಗೆ ಹೋಗಬಾರದು ಅಂತ ಪೈಪಿಗೂ ವಾಲ್ವ್‌ನ ಹೊಟ್ಟೆಗೂ ಗಾಜಿನ ಅಥವಾ ಕಲ್ಲಿನ ಉಣ್ಣೆ ಸುತ್ತಿ, ಮೇಲೆ ಅಲ್ಯೂಮಿನಿಯಂ ತಗಡು ಹೊದಿಸಿರುತ್ತಾರೆ. ಬಾಡಿ ಕಾಣುವುದಿಲ್ಲ. ಫ್ಲಾಂಜ್ ಕಾಣುವುದಿಲ್ಲ. ಬಾಡಿ ಮೇಲೆ ಅಚ್ಚಾಗಿರುವ ಅಕ್ಷರ, ಬಾಣ ಏನೂ ಕಾಣುವುದಿಲ್ಲ. ಹೊರಗಿರುವುದು ಬಾಡಿಯ ಮೇಲಿನ ಮುಚ್ಚಳವಾದ ಬಾನೆಟ್‌ನ ಮೇಲ್ಭಾಗ, ಸ್ಪಿಂಡಲ್ ಮತ್ತು ಚಕ್ರ ಅಷ್ಟೇ.

ಬಾಡಿ ತೆರೆದೇ ಇದ್ದರೆ ಗೇಟ್ ಮತ್ತು ಗ್ಲೋಬ್ ಬೇರೆ ಮಾಡುವುದು ಅಷ್ಟು ಕಷ್ಟವಲ್ಲ. ಗೇಟ್ ವಾಲ್ವ್‌ನ ಒಳಗೆ ಒಂದು ಬೆಣೆಯಾಕಾರದ ತಟ್ಟೆ ಮೇಲಿಂದ ಇಳಿದು ದಾರಿಗೆ ಅಡ್ಡ ನಿಲ್ಲುತ್ತದೆ. ತೆರೆದಾಗ ತಟ್ಟೆ ಪೂರ್ತಿ ಮೇಲೆ ಹೋಗಿ ಬಾನೆಟ್ ಒಳಗೆ ಕೂರುತ್ತದೆ, ದಾರಿ ನೇರವಾಗಿ ಖಾಲಿಯಾಗುತ್ತದೆ. ಹಾಗಾಗಿ ಅದರ ಬಾಡಿ ಪೈಪಿನ ಉದ್ದಕ್ಕೆ ಗಿಡ್ಡ, ಮೇಲ್ಮುಖವಾಗಿ ಎತ್ತರ, ಮತ್ತು ಹರಿವಿನ ದಿಕ್ಕಿನಲ್ಲಿ ಚಪ್ಪಟೆ. ಗ್ಲೋಬ್‌ನಲ್ಲಿ ಸೀಟ್ ಅಡ್ಡಡ್ಡ ಮಲಗಿರುತ್ತದೆ, ಡಿಸ್ಕ್ ಮೇಲಿಂದ ಬಂದು ಅದರ ಮೇಲೆ ಕೂರುತ್ತದೆ. ಸ್ಟೀಮ್ ಒಳಗೆ ಬಂದು ಕೆಳಗಿಳಿದು, ಸೀಟಿನ ಮೂಲಕ ಮೇಲೆ ಹತ್ತಿ, ಮತ್ತೆ ಹೊರಗೆ ಹೋಗಬೇಕು. ಅಷ್ಟು ತಿರುವಿಗೆ ಜಾಗ ಬೇಕು. ಅದಕ್ಕೇ ಗ್ಲೋಬ್‌ನ ಬಾಡಿ ದುಂಡು ಹೊಟ್ಟೆಯದು, ಉದ್ದವೂ ಜಾಸ್ತಿ. 3 ಇಂಚು 150 ಕ್ಲಾಸ್ ಗೇಟ್‌ಗೆ ಒಂದು ಫ್ಲಾಂಜ್ ಮುಖದಿಂದ ಇನ್ನೊಂದು ಮುಖಕ್ಕೆ 203 ಮಿಮೀ. ಅದೇ ಅಳತೆಯ ಗ್ಲೋಬ್‌ಗೆ 241 ಮಿಮೀ. 4 ಇಂಚಿನಲ್ಲಿ ಗೇಟ್ 229, ಗ್ಲೋಬ್ 292. ಇವು ಅಮೆರಿಕನ್ ಸ್ಟ್ಯಾಂಡರ್ಡ್ ಪ್ರಕಾರದ ಉದ್ದಗಳು, ತಯಾರಕರು ಬೇರೆಯಾದರೂ ಬದಲಾಗುವುದಿಲ್ಲ. ಟೇಪ್ ಇಟ್ಟರೆ ಅರ್ಧ ಅನುಮಾನ ಅಲ್ಲೇ ಕಳೆಯುತ್ತದೆ.

ಆದರೆ ನಮಗೆ ಟೇಪ್ ಇಡಲು ಜಾಗವೇ ಇರಲಿಲ್ಲ. ಲೈನ್ ಓಡುತ್ತಿತ್ತು, ಲ್ಯಾಗಿಂಗ್ ಬಿಚ್ಚುವ ಹಾಗಿಲ್ಲ. ಹಾಗಾಗಿ ಮೊದಲು ಮೇಲ್ಭಾಗದಿಂದಲೇ ಓದಲು ಶುರು ಮಾಡಿದೆವು.

ಬೈಪಾಸ್: ಚಕ್ರ ಏರಲಿಲ್ಲ

ಬೈಪಾಸ್ ಮುಂದೆ ನಿಂತು ಆಪರೇಟರ್‌ಗೆ, "ಒಂದು ಸುತ್ತು ತೆರೆದು ಮುಚ್ಚಿ ತೋರಿಸಿ" ಅಂದೆ. ಅವರು ತಿರುಗಿಸಿದರು. ನಾನು ನೋಡುತ್ತಿದ್ದುದು ಚಕ್ರದ ಎತ್ತರವನ್ನು. ಚಕ್ರ ಇದ್ದಲ್ಲೇ ತಿರುಗಿತು. ಅದರ ನಡುವಿನ ತೂತಿನಿಂದ ಸ್ಪಿಂಡಲ್ ಮಾತ್ರ, ತಾನು ತಿರುಗದೆ, ಮೇಲಕ್ಕೆ ಬಂತು.

ಫಿಟ್ಟರ್ ತಕ್ಷಣ ಹೇಳಿದರು, "ಸಾರ್, ಇದು ಗ್ಲೋಬ್ ಅಲ್ಲ. ಗ್ಲೋಬ್ ಆಗಿದ್ರೆ ಚಕ್ರಾನೂ ಜೊತೆಗೆ ಮೇಲೆ ಬರ್ತಿತ್ತು."

ಅವರ ಮಾತಿನಲ್ಲಿ ಹುರುಳಿದೆ. ಸಾಮಾನ್ಯ ಗ್ಲೋಬ್‌ನಲ್ಲಿ ಚಕ್ರವನ್ನು ಸ್ಪಿಂಡಲ್‌ನ ತುದಿಗೇ ಬಿಗಿದಿರುತ್ತಾರೆ. ಸ್ಪಿಂಡಲ್ ತಿರುಗುತ್ತಾ ಏರುತ್ತದೆ, ಚಕ್ರವೂ ಅದರ ಜೊತೆ ಏರುತ್ತದೆ. ಸ್ಪಿಂಡಲ್ ಹೊರಗೆ ಕಾಣುವ ಗೇಟ್‌ನಲ್ಲಿ ಚಕ್ರ ಕೂರುವುದು ಬಾನೆಟ್ ಮೇಲೆ ಎದ್ದಿರುವ ಚೌಕಟ್ಟಿನ, ಅಂದರೆ ಯೋಕ್‌ನ, ಮೇಲಿನ ಒಂದು ನಟ್‌ಗೆ. ಚಕ್ರ ತಿರುಗಿದರೆ ಆ ನಟ್ ತಿರುಗುತ್ತದೆ, ಸ್ಪಿಂಡಲ್ ಸುಮ್ನೆ ನೇರವಾಗಿ ಮೇಲೆ ಕೆಳಗೆ ಹೋಗುತ್ತದೆ. ಒಂದೇ ಒಂದು ಸುತ್ತಿನಲ್ಲಿ ಈ ವ್ಯತ್ಯಾಸ ಕಾಣುತ್ತದೆ.

ಆದರೆ ಇದೊಂದನ್ನೇ ನಂಬಿ ಪಟ್ಟಿ ತಿದ್ದಲು ನಾನು ಒಪ್ಪಲಿಲ್ಲ. ಚಕ್ರ ಇದ್ದಲ್ಲೇ ಇರುವ ಗ್ಲೋಬ್‌ಗಳೂ ಇವೆ. ಮತ್ತೆ, ಸ್ಪಿಂಡಲ್ ಏರದೇ ಇರುವ ಗೇಟ್‌ಗಳೂ ಇವೆ. ಅವುಗಳಲ್ಲಿ ಸ್ಪಿಂಡಲ್ ನಿಂತಲ್ಲೇ ತಿರುಗಿ ಒಳಗಿನ ತಟ್ಟೆ ಅದರ ಮೇಲೆ ಹತ್ತುತ್ತದೆ, ಹೊರಗಿನಿಂದ ತೆರೆದಿದೆಯೋ ಮುಚ್ಚಿದೆಯೋ ಅನ್ನುವುದೇ ತಿಳಿಯುವುದಿಲ್ಲ. ಚಕ್ರದ ಚಲನೆ ಒಂದು ಸಾಕ್ಷಿ, ತೀರ್ಪಲ್ಲ.

ಎರಡನೆಯ ಸಾಕ್ಷಿ ಸ್ಪಿಂಡಲ್ ಮೇಲೇ ಇತ್ತು. ಬೈಪಾಸ್ ಸ್ಪಿಂಡಲ್ ಚಕ್ರದಿಂದ ಮೇಲೆ ಬಂದ ತುದಿಯ ಕೆಲವೇ ಮಿಲಿಮೀಟರ್ ಹೊಳೆಯುತ್ತಿತ್ತು. ಕೆಳಗೆ ಯೋಕ್ ಒಳಗೆ ಕಾಣುವ ಎಳೆಗಳಲ್ಲಿ ಹಳೆಯ ಗ್ರೀಸ್ ಧೂಳು ಹಿಡಿದು ಕಪ್ಪಗೆ ಗಟ್ಟಿಯಾಗಿತ್ತು. ಅಂದರೆ ಈ ವಾಲ್ವ್ ತುಂಬಾ ಕಾಲದಿಂದ ಒಂದೆರಡು ಸುತ್ತಿನಷ್ಟೇ ಆಡಿದೆ. ಯಾವತ್ತೂ ಪೂರ್ತಿ ತೆರೆದಿಲ್ಲ. ಬೈಪಾಸ್‌ನಲ್ಲಿ ಕೈಯಿಂದ ಸ್ಟೀಮ್ ಹದ ಮಾಡಿದರೆ ಹೀಗೇ ಆಗುತ್ತದೆ. ಗ್ಲೋಬ್‌ಗೆ ಇದರಿಂದ ತೊಂದರೆ ಇಲ್ಲ, ಅದು ಇರುವುದೇ ಅದಕ್ಕೆ. ಗೇಟ್ ಆಗಿದ್ದರೆ ಇದೇ ಅದರ ಕಾಯಿಲೆಯ ಮೂಲ.

ಯಾಕೆಂದರೆ ಗೇಟ್‌ನ ತಟ್ಟೆ ಸ್ವಲ್ಪ ಎದ್ದಾಗ ಕೆಳಗೆ ಹುಟ್ಟುವ ಸಂದು ಬಿದಿಗೆ ಚಂದ್ರನ ಆಕಾರದ್ದು. ಸ್ಟೀಮ್ ಎಲ್ಲ ಆ ಸಣ್ಣ ಸಂದಿನಲ್ಲಿ ಭಾರಿ ವೇಗದಲ್ಲಿ ನುಗ್ಗುತ್ತದೆ. ತಟ್ಟೆ ಎರಡೂ ಸೀಟ್‌ಗಳಿಂದ ಬಿಟ್ಟುಕೊಂಡು ಸಡಿಲವಾಗಿ ನೇತಾಡುತ್ತಿರುತ್ತದೆ, ಹಾಗಾಗಿ ನಡುಗುತ್ತದೆ. ಸೀಟಿನ ಕೆಳಭಾಗ ಕೊರೆದು ಹೋಗುತ್ತದೆ. ಮೇಲಾಗಿ, ಚಕ್ರದ ಮೊದಲ ಕೆಲವು ಸುತ್ತುಗಳಲ್ಲೇ ಹರಿವು ಜೋರಾಗಿ ಏರಿಬಿಡುತ್ತದೆ, ಉಳಿದ ಸುತ್ತುಗಳಲ್ಲಿ ಅಷ್ಟೇನೂ ಬದಲಾಗುವುದಿಲ್ಲ. ಆಪರೇಟರ್ ಹೇಳುತ್ತಿದ್ದ 70-90ರ ಜಿಗಿದಾಟಕ್ಕೆ ಇದು ಸರಿಯಾಗಿ ಹೊಂದುತ್ತಿತ್ತು. ದೂರಿನ ಎರಡೂ ತುದಿಗಳು ಇಲ್ಲಿ ಒಂದಾಗುತ್ತವೆ: ಹದಕ್ಕೆ ಬಾರದ ಬಿಸಿ ಮತ್ತು ಆಮೇಲೆ ಬಂದ ಪಾಸಿಂಗ್.

ಕಂಟ್ರೋಲ್ ವಾಲ್ವ್ ಮುಂದಿನ ವಾಲ್ವ್: ಉದ್ದ ಕತ್ತಿನ ಮೋಸ

ಅದೇ ನಡಿಗೆಯಲ್ಲಿ ಇನ್ನೊಂದು ವಾಲ್ವ್ ನಮ್ಮನ್ನು ಹಿಡಿದು ನಿಲ್ಲಿಸಿತು. ಕಂಟ್ರೋಲ್ ವಾಲ್ವ್ ಹಿಂದಿನದ್ದೂ ಮುಂದಿನದ್ದೂ ಪಟ್ಟಿಯಲ್ಲಿ "4 ಇಂಚು ಗೇಟ್" ಎಂದೇ ಇದ್ದವು. ಹಿಂದಿನದರ ಬಗ್ಗೆ ಅನುಮಾನವೇ ಇರಲಿಲ್ಲ. ಅದು ಪೂರ್ತಿ ತೆರೆದಿತ್ತು, ಚಕ್ರದ ಮೇಲೆ ಸ್ಪಿಂಡಲ್ ಒಂದು ಅಂಗೈ ಅಗಲಕ್ಕಿಂತ ಜಾಸ್ತಿ ಎದ್ದು ನಿಂತಿತ್ತು. ಮುಂದಿನದೂ ಪೂರ್ತಿ ತೆರೆದಿದೆ ಅಂತ ಆಪರೇಟರ್ ಹೇಳಿದರು. ಅದರ ಕತ್ತು ಲ್ಯಾಗಿಂಗ್‌ನಿಂದ ಉದ್ದಕ್ಕೆ ಎದ್ದಿತ್ತು, ಚಕ್ರ ಎತ್ತರದಲ್ಲಿತ್ತು, ತಿರುಗಿಸಿದರೆ ಚಕ್ರ ಇದ್ದಲ್ಲೇ ಇರುತ್ತಿತ್ತು. ಯಾರು ನೋಡಿದರೂ ಗೇಟ್ ಅನ್ನಬೇಕು. ಆದರೆ ಸ್ಪಿಂಡಲ್ ಹೊರಗೆ ಬಂದಿದ್ದು ಎರಡು ಬೆರಳಿನಷ್ಟೂ ಇಲ್ಲ.

ಇಲ್ಲಿ ಒಂದು ಲೆಕ್ಕ ಇದೆ, ನನ್ನ ಮಟ್ಟಿಗೆ ಇಡೀ ಗುರುತಿಸುವಿಕೆಯಲ್ಲಿ ಇದೇ ಅತ್ಯಂತ ಗಟ್ಟಿ. ಗೇಟ್ ಪೂರ್ತಿ ತೆರೆಯಬೇಕಾದರೆ ತಟ್ಟೆ ಇಡೀ ದಾರಿಯಿಂದ ಮೇಲೆ ಹೋಗಬೇಕು. 4 ಇಂಚಿನ ದಾರಿ ಅಂದರೆ ಸುಮಾರು 100 ಮಿಮೀ. ಸ್ಪಿಂಡಲ್ ಅಷ್ಟಾದರೂ ಏರಲೇಬೇಕು, ಬೇರೆ ದಾರಿ ಇಲ್ಲ. ಗ್ಲೋಬ್‌ನಲ್ಲಿ ಡಿಸ್ಕ್ ಸೀಟಿನಿಂದ ಮೇಲೆದ್ದರೆ ಸುತ್ತಲೂ ಸಂದು ತೆರೆಯುತ್ತದೆ. ಸೀಟಿನ ವ್ಯಾಸದ ಕಾಲು ಭಾಗ ಎದ್ದರೆ, ಸುತ್ತಲಿನ ಸಂದಿನ ವಿಸ್ತೀರ್ಣ ಸೀಟಿನ ತೂತಿನ ವಿಸ್ತೀರ್ಣಕ್ಕೆ ಸಮ ಆಗಿಬಿಡುತ್ತದೆ. ಅದಕ್ಕಿಂತ ತುಂಬಾ ಮೇಲೆತ್ತಿ ಉಪಯೋಗವಿಲ್ಲ. ಹಾಗಾಗಿ 4 ಇಂಚಿನ ಗ್ಲೋಬ್‌ನ ಸ್ಪಿಂಡಲ್ ಹೆಚ್ಚುಕಡಿಮೆ 25 ರಿಂದ 30 ಮಿಮೀ ಆಡುತ್ತದೆ. ಕತ್ತು ಎಷ್ಟೇ ಉದ್ದ ಇರಲಿ, ಚಕ್ರ ಏರಲಿ ಬಿಡಲಿ, ಈ ಅಳತೆ ಬದಲಾಗುವುದಿಲ್ಲ.

ಹಾಗಾದರೆ ಗ್ಲೋಬ್‌ಗೆ ಅಷ್ಟುದ್ದ ಕತ್ತು ಯಾಕೆ? ಅದು ಬೆಲೋಸ್ ಸೀಲ್ ಇರುವ ಗ್ಲೋಬ್. ಸಾಮಾನ್ಯ ವಾಲ್ವ್‌ನಲ್ಲಿ ಸ್ಪಿಂಡಲ್ ಸುತ್ತ ಗ್ಲ್ಯಾಂಡ್ ಪ್ಯಾಕಿಂಗ್ ಮಾತ್ರ ಇರುತ್ತದೆ, ಅದು ಸವೆದರೆ ಅಲ್ಲಿಂದ ಸ್ಟೀಮ್ ಉಗುಳುತ್ತದೆ. ಇದನ್ನು ತಪ್ಪಿಸಲು ಸ್ಪಿಂಡಲ್ ಸುತ್ತ ಸುಕ್ಕು ಸುಕ್ಕಾದ ತೆಳು ಸ್ಟೀಲ್ ಕೊಳವೆ ವೆಲ್ಡ್ ಮಾಡಿರುತ್ತಾರೆ. ಸ್ಪಿಂಡಲ್ ಆಡಿದಾಗ ಅದು ಹಿಗ್ಗಿ ಕುಗ್ಗುತ್ತದೆ. ಆ ಕೊಳವೆ ಕೂರಲು ಉದ್ದ ಕತ್ತು ಬೇಕು. ಕೊಳವೆ ತಿರುಚಿಕೊಂಡರೆ ಹರಿಯುತ್ತದೆ, ಅದಕ್ಕೇ ಸ್ಪಿಂಡಲ್ ತಿರುಗದ ಹಾಗೆ ಮಾಡಿರುತ್ತಾರೆ. ಹೀಗೆ ಗೇಟ್‌ನ ಎರಡು ಲಕ್ಷಣ, ಉದ್ದ ಕತ್ತು ಮತ್ತು ತಿರುಗದ ಸ್ಪಿಂಡಲ್, ಒಂದು ಗ್ಲೋಬ್‌ಗೆ ಬಂದುಬಿಡುತ್ತವೆ. ಪಟ್ಟಿ ಬರೆದವರು ಕತ್ತು ನೋಡಿ ಗೇಟ್ ಅಂದಿರಬೇಕು.

ಇಲ್ಲಿಗೆ ನಮ್ಮ ಬಳಿ ಇದ್ದಿದ್ದು ಎರಡು ಅನುಮಾನ. ಬೈಪಾಸ್ ಪಟ್ಟಿಯಲ್ಲಿ ಗ್ಲೋಬ್, ನಿಜದಲ್ಲಿ ಗೇಟ್. ಮುಂದಿನ ವಾಲ್ವ್ ಪಟ್ಟಿಯಲ್ಲಿ ಗೇಟ್, ನಿಜದಲ್ಲಿ ಗ್ಲೋಬ್. ಶಟ್‌ಡೌನ್ ಬರುವ ತನಕ ಪಟ್ಟಿಯಲ್ಲಿ ಪೆನ್ಸಿಲ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಟ್ಟೆವು. ಬಿಡಿಭಾಗದ ಆರ್ಡರ್ ನಿಂತಿತು.

ನೀರಿನ ಕಡೆ

ನೀರಿನ ಲೈನ್ ಅಷ್ಟು ಕಾಡಲಿಲ್ಲ, ಅಲ್ಲಿ ಲ್ಯಾಗಿಂಗ್ ತೆಳು, ವಾಲ್ವ್‌ಗಳು ಬಯಲಾಗೇ ಇವೆ. ಸಣ್ಣ ಡ್ರೈನ್‌ಗಳಲ್ಲೆಲ್ಲ ಲಿವರ್ ಇರುವ ಬಾಲ್ ವಾಲ್ವ್. ಲಿವರ್ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ಒಂದು ಮಾತು ಮಾತ್ರ ನೆನಪಿರಲಿ: ಲಿವರ್ ಬಿಚ್ಚಿ ಹಾಕುವಾಗ 90 ಡಿಗ್ರಿ ತಪ್ಪಾಗಿ ಕೂರಿಸಲು ಸಾಧ್ಯ ಇರುವ ಮಾದರಿಗಳಿವೆ. ಸ್ಪಿಂಡಲ್ ತಲೆ ಮೇಲೆ ಗೀರು ಇದ್ದರೆ ಅದು ದಾರಿಯ ದಿಕ್ಕನ್ನು ಹೇಳುತ್ತದೆ. ಲಿವರ್‌ಗಿಂತ ಆ ಗೀರನ್ನು ನಂಬಿ.

ಇಲ್ಲಿ ಗೊಂದಲ ಇದ್ದಿದ್ದು 6 ಇಂಚಿನ ಎರಡು ವಾಲ್ವ್‌ಗಳಲ್ಲಿ. ಎರಡಕ್ಕೂ ಚಕ್ರ ಇತ್ತು, ಹಾಗಾಗಿ ಎರಡನ್ನೂ ಪಟ್ಟಿಯಲ್ಲಿ ಗೇಟ್ ಎಂದು ಬರೆದಿದ್ದರು. ಚಕ್ರ ಇದ್ದರೆ ಗೇಟ್ ಅನ್ನುವ ಅಭ್ಯಾಸ ಅನೇಕರಿಗಿದೆ. ಆದರೆ ಆ ಚಕ್ರಗಳು ವಾಲ್ವ್ ನೆತ್ತಿಯ ಮೇಲೆ ಮಲಗಿರಲಿಲ್ಲ. ಒಂದು ಸಣ್ಣ ಪೆಟ್ಟಿಗೆಯ ಪಕ್ಕದಿಂದ ಹೊರಬಂದು ನೆಟ್ಟಗೆ ನಿಂತಿದ್ದವು. ಆ ಪೆಟ್ಟಿಗೆ ಗೇರ್‌ಬಾಕ್ಸ್. ಮೇಲೆ ಒಂದು ಬಾಣದ ಸೂಚಕ ಇರುತ್ತದೆ, ಚಕ್ರ ಎಷ್ಟೇ ಸುತ್ತು ತಿರುಗಲಿ ಆ ಸೂಚಕ ಕಾಲು ಸುತ್ತು ಮಾತ್ರ ತಿರುಗುತ್ತದೆ. ಏರುವ ಸ್ಪಿಂಡಲ್ ಅಂತ ಏನೂ ಇಲ್ಲ. ಹಾಗಾದರೆ ಅದು ಗೇಟ್ ಅಲ್ಲ, ಗ್ಲೋಬ್ ಅಲ್ಲ. ಬಾಲ್ ಇರಬೇಕು ಅಥವಾ ಬಟರ್‌ಫ್ಲೈ ಇರಬೇಕು. ಪ್ಲಗ್ ವಾಲ್ವ್ ಕೂಡ ಕಾಲು ಸುತ್ತಿನದೇ, ಆದರೆ ಆ ಲೈನಿನಲ್ಲಿ ಇರಲಿಲ್ಲ.

ಇವೆರಡನ್ನು ಬೇರೆ ಮಾಡುವುದು ಬಾಡಿಯ ದಪ್ಪ. ಒಂದರಲ್ಲಿ ಎರಡು ಪೈಪ್ ಫ್ಲಾಂಜ್‌ಗಳ ನಡುವೆ ಅರವತ್ತು ಮಿಲಿಮೀಟರ್ ಕೂಡ ಇರಲಿಲ್ಲ, ಈ ಫ್ಲಾಂಜ್‌ನಿಂದ ಆ ಫ್ಲಾಂಜ್‌ಗೆ ಉದ್ದ ಬೋಲ್ಟ್‌ಗಳು ನೇರವಾಗಿ ಹಾದುಹೋಗಿದ್ದವು. 6 ಇಂಚಿನ ವೇಫರ್ ಬಟರ್‌ಫ್ಲೈ 56 ಮಿಮೀ ದಪ್ಪ. ಒಳಗೆ ಒಂದು ತಟ್ಟೆ ತನ್ನ ಅಕ್ಷದ ಮೇಲೆ ತಿರುಗುತ್ತದೆ ಅಷ್ಟೇ, ಅದಕ್ಕೆ ಉದ್ದ ಬೇಕಿಲ್ಲ. ಇನ್ನೊಂದಕ್ಕೆ ತನ್ನದೇ ಫ್ಲಾಂಜ್‌ಗಳಿದ್ದವು, ಉದ್ದ ಅದರ ಐದಾರು ಪಟ್ಟು ಮೀರಿತ್ತು, ಬಾಡಿ ಎರಡು ತುಂಡಾಗಿದ್ದು ನಡುವೆ ಬೋಲ್ಟ್‌ನಿಂದ ಸೇರಿಸಿದ ಕೂಡು ಕಾಣುತ್ತಿತ್ತು. ಅದು ಬಾಲ್. ಲಿವರ್ ಇರುವ ಸಣ್ಣ ಬಟರ್‌ಫ್ಲೈ ಸಿಕ್ಕರೆ ಇನ್ನೊಂದು ಸುಳಿವಿದೆ. ಅದರ ಲಿವರ್ ಕೆಳಗೆ ಹಲ್ಲುಗಳಿರುವ ತಟ್ಟೆ ಇರುತ್ತದೆ, ಬೇಕಾದಲ್ಲಿ ಲಿವರ್ ಕಚ್ಚಿಸಿ ನಿಲ್ಲಿಸಲು. ಬಾಲ್‌ನ ಲಿವರ್‌ಗೆ ಸಾಮಾನ್ಯವಾಗಿ ಎರಡು ತುದಿಯ ತಡೆ ಮಾತ್ರ ಇರುತ್ತದೆ.

ಶಟ್‌ಡೌನ್‌ನಲ್ಲಿ ಕಂಡದ್ದು

ಲೈನ್ ನಿಂತು, ತಣ್ಣಗಾಗಿ, ಒತ್ತಡ ಸೊನ್ನೆ ಅಂತ ಖಾತ್ರಿಯಾಗಿ, ವರ್ಕ್ ಪರ್ಮಿಟ್ ಸಿಕ್ಕ ಮೇಲೆ ಲ್ಯಾಗಿಂಗ್ ತೆಗೆಸಿದೆವು. ಬಿಚ್ಚುವ ಮುಂಚೆಯೇ ಎರಡೂ ವಾಲ್ವ್‌ಗಳ ಸ್ಪಿಂಡಲ್ ಅಳೆದೆವು. ಪೂರ್ತಿ ಮುಚ್ಚಿ ಒಂದು ಗುರುತು, ಪೂರ್ತಿ ತೆರೆದು ಇನ್ನೊಂದು ಗುರುತು. ಬೈಪಾಸ್ ಏರಿದ್ದು ಸುಮಾರು 84 ಮಿಮೀ. 3 ಇಂಚಿನ ದಾರಿಗೆ ಅದು ಗೇಟ್‌ನ ಲೆಕ್ಕ. ಮುಂದಿನ 4 ಇಂಚಿನದು ಏರಿದ್ದು ಸುಮಾರು 26 ಮಿಮೀ. ಫಿಟ್ಟರ್ ಸುತ್ತುಗಳನ್ನೂ ಎಣಿಸುತ್ತಿದ್ದರು. ಚಿಕ್ಕ ವಾಲ್ವ್‌ಗೆ ಹೆಚ್ಚು ಸುತ್ತು, ದೊಡ್ಡದಕ್ಕೆ ಬೆರಳೆಣಿಕೆಯಷ್ಟು ಸುತ್ತು. ಗಾತ್ರದ ಲೆಕ್ಕದಲ್ಲಿ ಇದು ತಿರುವುಮುರುವು, ಅದೇ ಉತ್ತರ ಕೂಡ.

ಲ್ಯಾಗಿಂಗ್ ಹೋದ ಮೇಲೆ ಉಳಿದ ಸಾಕ್ಷಿಗಳು ಒಂದೊಂದಾಗಿ ಬಂದವು. ಬೈಪಾಸ್ ವಾಲ್ವ್‌ನ ಬಾನೆಟ್ ಫ್ಲಾಂಜ್ ಮೊಟ್ಟೆಯ ಆಕಾರದಲ್ಲಿತ್ತು. ಒಳಗಿನ ತಟ್ಟೆ ಚಪ್ಪಟೆ ಆದ್ದರಿಂದ 150 ಕ್ಲಾಸ್‌ನ ಗೇಟ್‌ಗಳಲ್ಲಿ ಹೀಗೆ ಮಾಡುವುದು ರೂಢಿ. ಗ್ಲೋಬ್‌ನ ಡಿಸ್ಕ್ ದುಂಡು, ಅದರ ಬಾನೆಟ್ ಫ್ಲಾಂಜ್ ಕೂಡ ದುಂಡು. ಮುಂದಿನ ವಾಲ್ವ್‌ನದು ದುಂಡಗೇ ಇತ್ತು. 300 ಕ್ಲಾಸ್ ಮತ್ತು ಮೇಲಿನವುಗಳಲ್ಲಿ ಮಾತ್ರ ಈ ಸುಳಿವು ಕೈಕೊಡುತ್ತದೆ, ಒತ್ತಡ ಜಾಸ್ತಿ ಇರುವುದರಿಂದ ಅಲ್ಲಿ ಗೇಟ್‌ಗೂ ದುಂಡು ಬಾನೆಟ್ ಇರುತ್ತದೆ.

ವೈರ್ ಬ್ರಷ್‌ನಿಂದ ಉಜ್ಜಿದಾಗ ಮುಂದಿನ ವಾಲ್ವ್‌ನ ಬಾಡಿ ಮೇಲೆ ಬಾಣ ಎದ್ದು ಕಂಡಿತು, ದಿಕ್ಕು ಸರಿಯಾಗೇ ಇತ್ತು. ಬೈಪಾಸ್‌ನ ಎರಡೂ ಮಗ್ಗುಲಲ್ಲಿ ಅಳತೆ, ಕ್ಲಾಸ್, ಲೋಹದ ಗುರುತು ಇದ್ದವು, ಬಾಣ ಇರಲಿಲ್ಲ. ಗೇಟ್‌ಗೆ ಸಾಮಾನ್ಯವಾಗಿ ಬಾಣ ಬೇಕಿಲ್ಲ, ಅದು ಎರಡೂ ಕಡೆಯಿಂದ ಒಂದೇ. ಬಾಣ ಇದ್ದರೆ ಅದು ಬಲವಾದ ಸಾಕ್ಷಿ. ಇಲ್ಲದಿದ್ದರೆ ಅಷ್ಟು ಬಲವಿಲ್ಲ, ದಪ್ಪ ಪೇಂಟ್ ಅಡಿಯಲ್ಲಿ ಮುಚ್ಚಿಹೋಗಿರಬಹುದು.

ಎಲ್ಲಕ್ಕಿಂತ ನನಗೆ ಇಷ್ಟವಾಗಿದ್ದು ಬೋಲ್ಟ್‌ಗಳು. ಬೈಪಾಸ್‌ನ ಒಂದು ಕಡೆಯ ಫ್ಲಾಂಜ್‌ನಲ್ಲಿ ಬೋಲ್ಟ್‌ಗಳು ಇನ್ನೊಂದು ಕಡೆಯವಕ್ಕಿಂತ ಎದ್ದು ಕಾಣುವಷ್ಟು ಉದ್ದ ಇದ್ದವು. ನಡುವೆ ನೋಡಿದರೆ 35 ಮಿಮೀ ದಪ್ಪದ ಒಂದು ಸ್ಟೀಲ್ ರಿಂಗ್, ಅದರ ಎರಡೂ ಮುಖಕ್ಕೆ ಗ್ಯಾಸ್ಕೆಟ್. ಒಂದು ಗ್ಯಾಸ್ಕೆಟ್ ಹೇಗೂ ಇರಲೇಬೇಕಾದದ್ದು. ರಿಂಗಿನ 35, ಹೆಚ್ಚುವರಿ ಗ್ಯಾಸ್ಕೆಟ್‌ನ 3, ಒಟ್ಟು 38 ಮಿಮೀ. 241ರಲ್ಲಿ 203 ಕಳೆದರೆ ಬರುವುದು ಅದೇ 38. ಅಂದರೆ ಡ್ರಾಯಿಂಗ್ ಸುಳ್ಳು ಹೇಳಿರಲಿಲ್ಲ. ಈ ಜಾಗದಲ್ಲಿ ಮೊದಲು ಗ್ಲೋಬ್ ಇತ್ತು. ಯಾವುದೋ ಹಳೆಯ ರಿಪೇರಿಯಲ್ಲಿ ಗ್ಲೋಬ್ ಸಿಗದೆ, ಕೈಗೆ ಸಿಕ್ಕ ಗೇಟ್ ಕೂರಿಸಿ, ಉಳಿದ ಸಂದನ್ನು ರಿಂಗ್‌ನಿಂದ ತುಂಬಿದ್ದಾರೆ. ಪಟ್ಟಿಯಲ್ಲಿ ಬದಲಾಯಿಸಿಲ್ಲ. ಪೈಪ್‌ಲೈನ್‌ನಲ್ಲಿ ಒಂದು ಕಡೆ ಮಾತ್ರ ಉದ್ದ ಬೋಲ್ಟ್ ಕಂಡರೆ, ಅಥವಾ ವಾಲ್ವ್ ಪಕ್ಕದಲ್ಲಿ ಗಿಡ್ಡ ತುಂಡಿನ ಹೊಸ ವೆಲ್ಡ್ ಕಂಡರೆ, ಅಲ್ಲಿ ಒಂದು ಕಾಲಕ್ಕೆ ಬೇರೆ ಜಾತಿಯ ವಾಲ್ವ್ ಇತ್ತೇನೋ ಅಂತ ನಾನು ಅನುಮಾನಿಸುತ್ತೇನೆ.

ಗೇಟ್ ಬಿಚ್ಚಿ ಮೇಜಿನ ಮೇಲೆ ಇಟ್ಟು ಟಾರ್ಚ್ ಹಾಕಿ ನೋಡಿದೆವು. ಸೀಟ್ ರಿಂಗಿನ ಮೇಲರ್ಧ ನಯವಾಗಿತ್ತು. ಕೆಳಗಿನ ಭಾಗದಲ್ಲಿ, ಹರಿವು ಹೊರಗೆ ಹೋಗುವ ಕಡೆ, ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಸಣ್ಣ ಸಣ್ಣ ಕಾಲುವೆಗಳು. ತಟ್ಟೆಯ ಕೆಳ ಅಂಚಿನಲ್ಲೂ ಅದೇ ಜಾಗಕ್ಕೆ ಸರಿಯಾಗಿ ಕೊರೆತ. ತಟ್ಟೆ ಜಾರುವ ಎರಡು ಪಕ್ಕದ ಗೈಡ್‌ಗಳು ನಡುಗಿ ನಡುಗಿ ಸವೆದು ಸಡಿಲವಾಗಿದ್ದವು. ಇದನ್ನು ಉಜ್ಜಿ ಕೂರಿಸುವ ಪ್ರಶ್ನೆಯೇ ಇರಲಿಲ್ಲ. ಉಜ್ಜಿ ಸರಿಮಾಡಿದರೂ ಅದೇ ಜಾಗದಲ್ಲಿ ಮತ್ತೆ ಅದೇ ಆಗುತ್ತಿತ್ತು.

ಏನು ಬದಲಾಯಿಸಿದೆವು, ಏನು ಬಿಟ್ಟೆವು

ಬೈಪಾಸ್‌ಗೆ 3 ಇಂಚಿನ ಗ್ಲೋಬ್ ತರಿಸಲಾಯಿತು. ರಿಂಗ್ ತೆಗೆದ ಮೇಲೆ ಅದು ಹಳೆಯ ಜಾಗದಲ್ಲಿ ತಾನಾಗೇ ಕೂತಿತು, ಪೈಪ್ ಕತ್ತರಿಸುವ, ವೆಲ್ಡ್ ಮಾಡುವ ಕೆಲಸವೇ ಬರಲಿಲ್ಲ. ಉದ್ದ ಬೋಲ್ಟ್ ಹೋಗಿ ಮಾಮೂಲಿ ಬೋಲ್ಟ್ ಬಂದವು. ಬಾಣ ಎಕ್ಸ್‌ಚೇಂಜರ್ ಕಡೆಗೆ ಇರುವ ಹಾಗೆ, ಅಂದರೆ ಸ್ಟೀಮ್ ಸೀಟಿನ ಕೆಳಗಿನಿಂದ ಬರುವ ಹಾಗೆ ನೋಡಿಕೊಂಡೆವು. ಹೀಗಿದ್ದರೆ ಮುಚ್ಚಿದಾಗ ಸ್ಟೀಮ್ ಬರುವ ಕಡೆಯ ಒತ್ತಡ ಗ್ಲ್ಯಾಂಡ್ ಮೇಲೆ ಬೀಳುವುದಿಲ್ಲ.

ಮುಂದಿನ 4 ಇಂಚಿನ ಬೆಲೋಸ್ ಗ್ಲೋಬ್ ಬಗ್ಗೆ ಚರ್ಚೆಯಾಯಿತು. ಅಲ್ಲಿ ಗೇಟ್ ಇರಬೇಕು ಅಂತ ಡ್ರಾಯಿಂಗ್ ಹೇಳುತ್ತದೆ, ಹಾಗಾದರೆ ತೆಗೆಯಬೇಕಲ್ವಾ ಅನ್ನುವುದು ಒಂದು ವಾದ. ಅದು ಚೆನ್ನಾಗಿ ಮುಚ್ಚುತ್ತಿದೆ, ಗ್ಲ್ಯಾಂಡ್‌ನಲ್ಲಿ ಒಂದು ಹನಿ ಸೋರಿಕೆಯೂ ಇಲ್ಲ. ಗ್ಲೋಬ್ ದಾರಿಯಲ್ಲಿ ಒತ್ತಡ ಸ್ವಲ್ಪ ಜಾಸ್ತಿ ಕಳೆಯುತ್ತದೆ ನಿಜ, ಆದರೆ ಎಕ್ಸ್‌ಚೇಂಜರ್‌ಗೆ ಸ್ಟೀಮ್ ಸಾಲದು ಅನ್ನುವ ದೂರು ಯಾವತ್ತೂ ಬಂದಿರಲಿಲ್ಲ. ತೆಗೆದರೆ 63 ಮಿಮೀ ಗಿಡ್ಡ ವಾಲ್ವ್ ಬರುತ್ತದೆ, ಮತ್ತೆ ರಿಂಗ್ ಅಥವಾ ತುಂಡು ಪೈಪು. ನಾನು ಬಿಡೋಣ ಅಂದೆ, ಎಲ್ಲರೂ ಒಪ್ಪಿದರು.

ಒಂದನ್ನು ಮಾತ್ರ ಬದಲಾಯಿಸಿದೆವು. ಅಡ್ಡ ಪೈಪಿನಲ್ಲಿ ಗ್ಲೋಬ್‌ನ ಸ್ಪಿಂಡಲ್ ನೆಟ್ಟಗೆ ಮೇಲಿದ್ದರೆ, ಸೀಟಿನ ಮುಂಚಿನ ತಗ್ಗಿನಲ್ಲಿ ಸ್ಟೀಮ್ ತಣ್ಣಗಾಗಿ ಆದ ನೀರು ನಿಲ್ಲುತ್ತದೆ. ಮತ್ತೆ ಸ್ಟೀಮ್ ಬಿಟ್ಟಾಗ ಆ ನೀರು ಮುಂದಕ್ಕೆ ನುಗ್ಗಿ ಪೈಪನ್ನು ಸುತ್ತಿಗೆಯಿಂದ ಹೊಡೆದ ಹಾಗೆ ಬಡಿಯುತ್ತದೆ. ಬೆಳಗಿನ ಶಿಫ್ಟ್‌ನಲ್ಲಿ ಲೈನ್ ಶುರು ಮಾಡುವಾಗ ಎರಡು ಮೂರು ಬಡಿತ ಕೇಳಿಸುತ್ತೆ ಅಂತ ಆಪರೇಟರ್ ಹೇಳಿದ್ದರು. ಗೇಟ್ ಅಂತಲೇ ಎಲ್ಲರೂ ತಿಳಿದಿದ್ದರಿಂದ ಆ ವಾಲ್ವ್ ಕಡೆ ಯಾರ ಗಮನವೂ ಹೋಗಿರಲಿಲ್ಲ, ಗೇಟ್‌ನಲ್ಲಿ ಅಂಥ ನೀರಿನ ಗುಂಡಿ ಇರುವುದಿಲ್ಲವಲ್ಲ. ತಯಾರಕರ ಕೈಪಿಡಿ ನೋಡಿದೆವು, ಈ ಮಾದರಿಯನ್ನು ಸ್ಪಿಂಡಲ್ ಮಲಗಿಸಿ ಕೂರಿಸಲು ಒಪ್ಪಿಗೆ ಇತ್ತು. 4 ಇಂಚು 150 ಕ್ಲಾಸ್ ಫ್ಲಾಂಜ್‌ಗೆ ಎಂಟು ತೂತು, ಕಾಲು ಸುತ್ತು ತಿರುಗಿಸಿದರೂ ತೂತುಗಳು ಸರಿಯಾಗಿ ಕೂಡುತ್ತವೆ. ವಾಲ್ವ್ ಬಿಚ್ಚಿ, ಚಕ್ರ ನಡೆದಾಡುವ ದಾರಿಯ ಕಡೆಗೆ ಬರುವ ಹಾಗೆ ಪಕ್ಕಕ್ಕೆ ಮಲಗಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಬಿಗಿದೆವು.

ಲೈನ್ ಮತ್ತೆ ಶುರುವಾದಾಗ ಬಡಿತ ಕೇಳಿಸಲಿಲ್ಲ. ಕಂಟ್ರೋಲ್ ವಾಲ್ವ್ ಮುಚ್ಚಿ, ಬೈಪಾಸ್ ಮುಚ್ಚಿ ನೋಡಿದಾಗ ಗೇಜ್ ಸೊನ್ನೆಗೆ ಇಳಿಯಿತು. ಆಮೇಲೆ ಬೇಕೆಂದೇ ಬೈಪಾಸ್‌ನಲ್ಲಿ ಓಡಿಸಿ ನೋಡಿದೆವು. ಆಪರೇಟರ್ ಚಕ್ರವನ್ನು ಕಾಲು ಕಾಲು ಸುತ್ತು ತಿರುಗಿಸಿದರು, ಬಿಸಿ ಎರಡು ಮೂರು ಡಿಗ್ರಿಯಷ್ಟು ಆಡಿ 80ರ ಹತ್ತಿರ ನಿಂತಿತು.

ಪಟ್ಟಿಯಲ್ಲಿ ಬೈಪಾಸ್ ಸಾಲು ಇದ್ದ ಹಾಗೇ ಉಳಿಯಿತು, ಈಗ ಅದು ನಿಜ. ಮುಂದಿನ ವಾಲ್ವ್ ಸಾಲಿನಲ್ಲಿ "ಬೆಲೋಸ್ ಸೀಲ್ ಗ್ಲೋಬ್, ಸ್ಪಿಂಡಲ್ ಅಡ್ಡ" ಅಂತ ಬರೆದೆವು. ನೀರಿನ ಲೈನಿನ ಎರಡು ಗೇಟ್‌ಗಳು ಬಾಲ್ ಮತ್ತು ಬಟರ್‌ಫ್ಲೈ ಆದವು. ಪ್ರತಿ ಸಾಲಿಗೂ ಎರಡು ಹೊಸ ಕಾಲಂ ಸೇರಿಸಿದೆವು: ಫ್ಲಾಂಜ್ ಮುಖದಿಂದ ಮುಖಕ್ಕೆ ಉದ್ದ ಮತ್ತು ಸ್ಪಿಂಡಲ್ ಏರುವ ಅಳತೆ. ಲ್ಯಾಗಿಂಗ್ ಮತ್ತೆ ಸುತ್ತುವ ಮುಂಚೆ ಬಾಡಿಯ ಫೋಟೋ ತೆಗೆದು, ವಾಲ್ವ್‌ನ ಜಾತಿ ಕೆತ್ತಿದ ತಗಡಿನ ಬಿಲ್ಲೆಯನ್ನು ಯೋಕ್‌ಗೆ ತಂತಿಯಿಂದ ಕಟ್ಟಿದೆವು. ಚಕ್ರಕ್ಕೆ ಕಟ್ಟಲಿಲ್ಲ, ಯಾಕೆಂದರೆ ಚಕ್ರ ಬದಲಾದಾಗ ಬಿಲ್ಲೆಯೂ ಅದರ ಜೊತೆ ಹೋಗಿಬಿಡುತ್ತದೆ.